ಫೋನಿಗೆ ಬರುವ ನೆಟ್ಟು ಟೀವಿಗೆ ಯಾಕಿಲ್ಲ?

ಮಂಡ್ಯದಲ್ಲಿ ನಮ್ಮ ಮಾವನ ಮನೆಗೆ 100 ಎಂಬಿಪಿಎಸ್ ಫೈಬರ್ ಕನೆಕ್ಷನ್ ಇದೆ. ಅತ್ತೆ ಅಡುಗೆಮನೆಯಲ್ಲಿ ಫೋನ್ ಇಟ್ಟುಕೊಂಡು ಸೀರಿಯಲ್ ನೋಡುತ್ತಾರೆ, ಒಂದು ಸಲವೂ ನಿಲ್ಲುವುದಿಲ್ಲ. ಹಾಲ್‌ನಲ್ಲಿರುವ ಸ್ಮಾರ್ಟ್ ಟೀವಿ ಮಾತ್ರ ಎರಡು ನಿಮಿಷ ಓಡಿದರೆ ಒಂದು ನಿಮಿಷ ಸುತ್ತುತ್ತಿತ್ತು. ಸಂಜೆಯಾದರೆ ಇನ್ನೂ ಜಾಸ್ತಿ.

"ಅಳಿಯಂದ್ರೇ, ಮೊಬೈಲ್‌ಗೆ ಚೆನ್ನಾಗೇ ಬತ್ತದೆ. ಈ ಟೀವಿಗೇನ್ ದೊಡ್ರೋಗ?" ಅಂದರು ಮಾವ.

ಅದಕ್ಕೂ ಮೊದಲು ಇಂಟರ್ನೆಟ್ ಹುಡುಗ ಬಂದು ಹೋಗಿದ್ದ. ತನ್ನ ಫೋನಿನಲ್ಲಿ ಸ್ಪೀಡ್ ಟೆಸ್ಟ್ ಮಾಡಿ, 90ರ ಮೇಲೆ ತೋರಿಸಿ, "ನಮ್ ಕಡೆಯಿಂದ ಸರಿ ಇದೆ ಸಾರ್, ಟೀವಿ ಪ್ರಾಬ್ಲಂ" ಅಂದಿದ್ದ. ಅವನು ಹೇಳಿದ್ದು ಸುಳ್ಳಲ್ಲ. ಆದರೆ ಫೋನಿನಲ್ಲಿ ಮಾಡಿದ ಟೆಸ್ಟ್ ಫೋನಿನ ಬಗ್ಗೆ ಮಾತ್ರ ಹೇಳುತ್ತದೆ. ಟೀವಿಯ ವೈಫೈ ಚಿಪ್ ಬೇರೆ, ಆಂಟೆನಾ ಬೇರೆ, ಅದು ಹಿಡಿದಿರುವ ಬ್ಯಾಂಡ್, ಅಂದರೆ ವೈಫೈ ಓಡಾಡುವ ತರಂಗದ ದಾರಿ ಕೂಡ ಬೇರೆ ಇರಬಹುದು. ಅಳೆಯುವುದಾದರೆ ಟೀವಿಯಲ್ಲೇ ಅಳೆಯಬೇಕು, ಅಲ್ವಾ?

ಅದಕ್ಕೆ ಸುಲಭದ ದಾರಿ ಇದೆ. ಟೀವಿಯ ಯೂಟ್ಯೂಬ್‌ನಲ್ಲಿ ಯಾವುದಾದರೂ ವಿಡಿಯೋ ಹಾಕಿ, ಸೆಟ್ಟಿಂಗ್ಸ್ ಚಕ್ರ ಒತ್ತಿ, `Stats for nerds` ಆನ್ ಮಾಡಿದರೆ ಪರದೆಯ ಮೂಲೆಯಲ್ಲಿ ಒಂದಷ್ಟು ಅಂಕಿ ಬರುತ್ತವೆ. ನೋಡಬೇಕಾದ್ದು ಎರಡೇ. `Buffer Health` ಅಂದರೆ ಮುಂದಿನ ಎಷ್ಟು ಸೆಕೆಂಡಿನ ವಿಡಿಯೋ ಆಗಲೇ ಟೀವಿಗೆ ಬಂದು ಕೂತಿದೆ ಅನ್ನುವ ಲೆಕ್ಕ. ಅದು ಇಳಿಯುತ್ತಾ ಸೊನ್ನೆ ಮುಟ್ಟಿದಾಗಲೇ ಚಕ್ರ ತಿರುಗುವುದು. ಇನ್ನೊಂದು, ಬಿಟ್ಟುಹೋದ ಫ್ರೇಮ್‌ಗಳ ಲೆಕ್ಕ. ಬಫರ್ ತುಂಬಿದ್ದೂ ಚಿತ್ರ ಕುಂಟುತ್ತಿದ್ದರೆ, ಫ್ರೇಮ್ ಬಿಡುವುದು ಏರುತ್ತಿದ್ದರೆ, ನೆಟ್ಟಿನ ತಪ್ಪಲ್ಲ. ಟೀವಿಯ ಪ್ರೊಸೆಸರಿಗೆ ಶಕ್ತಿ ಸಾಲುತ್ತಿಲ್ಲ. ಆಗ ರೂಟರ್ ಮುಟ್ಟಿ ಪ್ರಯೋಜನವಿಲ್ಲ.

ಇಲ್ಲಿ ಫ್ರೇಮ್ ಬಿಡುತ್ತಿರಲಿಲ್ಲ. ಬಫರ್ 20 ಸೆಕೆಂಡಿಗೆ ಏರುವುದು, ಇದ್ದಕ್ಕಿದ್ದಂತೆ ಇಳಿಯುವುದು, ಸೊನ್ನೆ. ಟೀವಿಯ ಬ್ರೌಸರಿನಲ್ಲಿ `fast.com` ತೆಗೆದರೆ 7 ಎಂಬಿಪಿಎಸ್ ಬಂತು. ಫುಲ್ ಎಚ್‌ಡಿಗೆ ಸುಮಾರು 5 ಇದ್ದರೆ ನಡೆಯುತ್ತದೆ, ಹಾಗಾಗಿ ಸಾಕು ಅನ್ನಿಸಬಹುದು. ಆದರೆ ಆ 7 ಸರಾಸರಿ. ನಡುನಡುವೆ 1ಕ್ಕೂ ಇಳಿದರೆ ಸರಾಸರಿ ಕಟ್ಟಿಕೊಂಡು ಏನು ಮಾಡುವುದು?

ಅಷ್ಟರಲ್ಲಿ ನಮ್ಮ ಭಾಮೈದ ಫೋನ್ ಮಾಡಿ, "ಭಾವ, ಡಿಎನ್‌ಎಸ್ ಚೇಂಜ್ ಮಾಡಿ, `8.8.8.8` ಹಾಕಿ, ಸರಿಹೋಗುತ್ತೆ" ಅಂದ. ಎಲ್ಲರೂ ಹೇಳುವ ಮದ್ದು ಇದು. ಹಾಕಿ ನೋಡಿದೆವು. ಆಪ್ ತೆರೆಯುವುದು ಚೂರು ಬೇಗ ಆಯಿತು, ಪೋಸ್ಟರ್‌ಗಳು ಬೇಗ ಬಂದವು. ವಿಡಿಯೋ ಮಾತ್ರ ಹಾಗೆಯೇ ಸುತ್ತಿತು. ಯಾಕಂದರೆ ಡಿಎನ್‌ಎಸ್ ಅನ್ನುವುದು ಊರಿಗೆ ಬಂದವರು ಸರ್ಕಲ್ಲಿನ ಟೀ ಅಂಗಡಿಯಲ್ಲಿ ವಿಳಾಸ ಕೇಳಿದ ಹಾಗೆ. ಮನೆ ಗೊತ್ತಾದ ಮೇಲೆ ಅಂಗಡಿಯವನ ಕೆಲಸ ಮುಗಿಯಿತು. ಡಿಎನ್‌ಎಸ್ ಕೆಟ್ಟಿದ್ದರೆ ಆಪ್ ತೆರೆಯುವುದೇ ತಡ ಆಗುತ್ತದೆ, ನೆಟ್ ಇಲ್ಲ ಅನ್ನುತ್ತದೆ, ಆದರೆ ಒಮ್ಮೆ ವಿಡಿಯೋ ಶುರುವಾದರೆ ಸಾಮಾನ್ಯವಾಗಿ ಓಡುತ್ತದೆ. ನಮ್ಮದು ಪೂರ್ತಿ ಉಲ್ಟಾ. ಇನ್ನೊಂದು ತೊಂದರೆ, ಈ ಟೀವಿಯಲ್ಲಿ ಡಿಎನ್‌ಎಸ್ ಬದಲಿಸಬೇಕಾದರೆ ಐಪಿ ವಿಳಾಸವನ್ನೂ ಕೈಯಾರೆ ತುಂಬಬೇಕು. ಮುಂದೆ ರೂಟರ್ ಅದೇ ವಿಳಾಸವನ್ನು ಬೇರೆ ಫೋನಿಗೆ ಕೊಟ್ಟರೆ ಎರಡೂ ಕಿತ್ತಾಡುತ್ತವೆ. ಅದನ್ನು ವಾಪಸ್ ಆಟೊಮ್ಯಾಟಿಕ್ ಮಾಡಿದೆ. ಡಿಎನ್‌ಎಸ್ ಬೇಕೇಬೇಕು ಅಂದರೆ ರೂಟರಿನಲ್ಲೇ ಹಾಕುವುದು ಒಳ್ಳೆಯದು.

ಮಾವನಿಗೆ ಕಿವಿ ಸ್ವಲ್ಪ ಮಂದ. ಅದಕ್ಕೆ ಒಂದು ಬ್ಲೂಟೂತ್ ಸ್ಪೀಕರನ್ನು ಕುರ್ಚಿ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ. ಅವರು ಕಾಫಿ ಕುಡಿಯಲು ಎದ್ದಾಗ ಸ್ಪೀಕರ್ ಆಫ್ ಮಾಡಿದರು. ಪರದೆಯ ಮೇಲೆ ಅಂಕಿ ಇನ್ನೂ ಇತ್ತು. ನೋಡನೋಡುತ್ತಲೇ `Buffer Health` ಏರಿತು, ಇಳಿಯಲಿಲ್ಲ. ಸ್ಪೀಡ್ ಮತ್ತೆ ಅಳೆದರೆ 24. ಸ್ಪೀಕರ್ ಆನ್ ಮಾಡಿಸಿದೆ, ಮತ್ತೆ ಕುಸಿಯಿತು.

ಗುಟ್ಟು ಇಷ್ಟೇ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್‌ನಲ್ಲಿ. ವೈಫೈನ ಹಳೆಯ ಬ್ಯಾಂಡ್ ಕೂಡ ಅದೇ, ನಮ್ಮ ಟೀವಿ ಹಿಡಿದಿದ್ದೂ ಅದನ್ನೇ. ಎಷ್ಟೋ ಟೀವಿಗಳಲ್ಲಿ ಎರಡಕ್ಕೂ ಒಂದೇ ಚಿಪ್, ಕೆಲವೊಮ್ಮೆ ಒಂದೇ ಆಂಟೆನಾ. ಸ್ಪೀಕರಿಗೆ ಶಬ್ದ ಕಳಿಸುವಾಗ ವೈಫೈ ಕಾಯುತ್ತದೆ. ರಿಮೋಟ್ ಕೂಡ ಬ್ಲೂಟೂತೇ ಇರಬಹುದು, ಆದರೆ ಅದು ಗುಂಡಿ ಒತ್ತಿದಾಗ ಮಾತ್ರ ಚೂರು ಮಾತಾಡುತ್ತದೆ. ಸ್ಪೀಕರ್ ಹಾಗಲ್ಲ, ಅದಕ್ಕೆ ಬಿಡುವೇ ಇಲ್ಲ. ಇದರ ಮೇಲೆ ಸಂಜೆ ಅಕ್ಕಪಕ್ಕದ ಮನೆಯವರ ರೂಟರ್‌ಗಳೂ ಅದೇ 2.4ರಲ್ಲಿ ಗಲಾಟೆ ಶುರು ಮಾಡುತ್ತವೆ. ಫೋನುಗಳು 5 ಗಿಗಾಹರ್ಟ್ಸ್ ಹಿಡಿದಿದ್ದವು. ಅವಕ್ಕೆ ಇದ್ಯಾವುದರ ಬಿಸಿಯೂ ತಟ್ಟುತ್ತಿರಲಿಲ್ಲ.

"ಹಂಗಾದ್ರೆ ಸ್ಪೀಕರ್ ಬಿಟ್ಬುಡ್ಬೇಕಾ?" ಮಾವ ಕೇಳಿದರು. ಬೇಡ, ಟೀವಿಯನ್ನೂ 5ಕ್ಕೆ ಹತ್ತಿಸಿದರೆ ಆಯಿತು.

ರೂಟರಿನಲ್ಲಿ ಎರಡೂ ಬ್ಯಾಂಡಿಗೆ ಒಂದೇ ಹೆಸರಿತ್ತು. ಯಾವುದನ್ನು ಹಿಡಿಯಬೇಕು ಅನ್ನುವುದು ರೂಟರ್ ಮತ್ತು ಟೀವಿಯ ಇಷ್ಟ. ರೂಟರಿನ ಸೆಟ್ಟಿಂಗ್ಸ್ ಪುಟ ತೆಗೆದು, ಹೀಗೆ ತಾನೇ ಬ್ಯಾಂಡ್ ಆರಿಸುವ ಬ್ಯಾಂಡ್ ಸ್ಟಿಯರಿಂಗ್ ಆಫ್ ಮಾಡಿ, 5ರ ಹೆಸರಿನ ಕೊನೆಗೆ `_5G` ಸೇರಿಸಿದೆ. ಫೋನಿನಲ್ಲಿ ಹೊಸ ಹೆಸರು ಬಂತು. ಟೀವಿಯ ಪಟ್ಟಿಯಲ್ಲಿ ಇಲ್ಲ! ಟೀವಿಗೆ 5 ಹಿಡಿಯುವ ಯೋಗ್ಯತೆಯೇ ಇಲ್ಲವೋ ಏನೋ ಅಂದುಕೊಂಡು ಮಾವ ಬೀರುವಿನಿಂದ ಪುಸ್ತಕ ಹುಡುಕಿ ತಂದರು. ಅದರಲ್ಲಿ `802.11 a/b/g/n/ac` ಅಂತಿತ್ತು. ಕೊನೆಯ `ac` ಇದ್ದ ಮೇಲೆ 5 ಇರಲೇಬೇಕು.

ಮತ್ತೆ ರೂಟರ್ ನೋಡಿದೆ. ಒಂದೊಂದು ಬ್ಯಾಂಡಿನೊಳಗೂ ಚಾನಲ್ ಅನ್ನುವ ಸಣ್ಣ ಸಣ್ಣ ಪಾಲುಗಳಿರುತ್ತವೆ. 5ರ ಚಾನಲ್ ಆಟೋ ಮೇಲಿತ್ತು, ರೂಟರ್ ತಾನೇ 60 ಆರಿಸಿಕೊಂಡಿತ್ತು. 52ರಿಂದ 144ರವರೆಗಿನ ಚಾನಲ್‌ಗಳನ್ನು ವೈಫೈ ರೇಡಾರ್ ಜೊತೆ ಹಂಚಿಕೊಳ್ಳಬೇಕು, ಅದಕ್ಕೆ ಬೇರೆ ನಿಯಮವಿದೆ. ಎಷ್ಟೋ ಟೀವಿಗಳು ಆ ಕಡೆ ತಿರುಗಿಯೂ ನೋಡುವುದಿಲ್ಲ. ಆಟೋ ತೆಗೆದು 44 ಹಾಕಿದೆ. ರೂಟರ್ ಮತ್ತೆ ಶುರುವಾದ ಮೇಲೆ ಟೀವಿಯಲ್ಲಿ ಹೆಸರು ತಾನಾಗಿ ಬಂತು.

ಉಳಿದದ್ದು ಸಿಗ್ನಲ್. 5 ವೇಗ ಹೆಚ್ಚು, ಆದರೆ ಗೋಡೆ ಕಂಡರೆ ಸೋಲುತ್ತದೆ. ರೂಟರ್ ಇರುವುದು ಮುಂದಿನ ರೂಮಿನಲ್ಲಿ, ನಡುವೆ ಒಂದು ಇಟ್ಟಿಗೆ ಗೋಡೆ. ಟೀವಿ ಬರೀ ಗೆರೆಗಳನ್ನು ತೋರಿಸುತ್ತದೆ, ಅಂಕಿ ಕೊಡುವುದಿಲ್ಲ. ಫೋನಿನಲ್ಲಿ ವೈಫೈ ಅನಲೈಜರ್ ಆಪ್ ಹಾಕಿ, ಫೋನನ್ನು ಟೀವಿಯ ಹಿಂಬದಿಗೆ ಹಿಡಿದೆ. ಮುಂದೆ ಹಿಡಿದು ನೋಡಿದರೆ ಪ್ರಯೋಜನವಿಲ್ಲ. ಆಂಟೆನಾ ಹಿಂದೆ ಇರುತ್ತದೆ, ಗೋಡೆಗೂ ಟೀವಿಯ ಲೋಹಕ್ಕೂ ಮಧ್ಯೆ. -64 ಡಿಬಿಎಂ ಬಂತು, ಸಿಗ್ನಲ್ಲಿನ ಬಲ ಅಳೆಯುವುದು ಇದರಲ್ಲೇ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. -67ರ ಒಳಗಿದ್ದರೆ ವಿಡಿಯೋಗೆ ಚಿಂತೆಯಿಲ್ಲ, -75 ದಾಟಿದರೆ 5ರಲ್ಲೂ ಸುತ್ತುತ್ತದೆ. ಸ್ಪೀಕರ್ ಆನ್ ಇದ್ದಾಗಲೇ ಅಳೆದರೆ ಟೀವಿಯಲ್ಲಿ 60ರ ಹತ್ತಿರ ಬಂತು.

ಸುದ್ದಿ ಕೇಳಿ ಎದುರು ಮನೆಯ ಮೇಷ್ಟ್ರು ಕರೆದರು. ಅವರದು ಹಳೆಯ ಟೀವಿ, ಪುಸ್ತಕದಲ್ಲಿ ಬರೀ `b/g/n`, ಅಂದರೆ 2.4 ಒಂದೇ. ಅಲ್ಲಿ ಚಾನಲ್ ಆಟ ನಡೆಯುವುದಿಲ್ಲ. ರೂಟರಿನಿಂದ ಟೀವಿಗೆ ಲ್ಯಾನ್ ಕೇಬಲ್ ಎಳೆಸಿದರು. ಟೀವಿಯ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗಿಂತ ಮೇಲೆ ಹೋಗುವುದಿಲ್ಲ. ಅವರ ಪ್ಲಾನ್ 200, ಹಾಗಾಗಿ ಫೋನಿನಲ್ಲಿ ಬರುವುದರ ಅರ್ಧವೇ ಟೀವಿಯಲ್ಲಿ ಕಂಡಿತು. "ಇದ್ರಲ್ಲೂ ಕಡಿಮೆ ಅಲ್ವೇನಪ್ಪಾ?" ಅಂದರು ಮೇಷ್ಟ್ರು. 4ಕೆ ಚಿತ್ರಕ್ಕೇ 25 ಸಾಕು ಸಾರ್, ಅಂದೆ.