ಮಷೀನಿಗೆ ಐದನೇ ಸ್ಲೈಡ್

ಅಕ್ಕನ ಮಗಳು ಲ್ಯಾಪ್‌ಟಾಪ್ ಹಿಡಿದು ಬೆಳಗಾವಿಯ ಟಿಳಕವಾಡಿಯ ನಮ್ಮ ಮನೆಗೆ ಬಂದಾಗ ಹೂಡಿಕೆದಾರರ ಮೀಟಿಂಗಿಗೆ ಎರಡೇ ದಿನ ಉಳಿದಿತ್ತು. ಅವಳೂ ಅವಳ ಗೆಳತಿಯೂ ಸೇರಿ, ಕಬ್ಬಿಣ ಕರಗಿಸಿ ಎರಕ ಹೊಯ್ಯುವ ಫೌಂಡ್ರಿಗಳಿಗಾಗಿ ಒಂದು ಯಂತ್ರ ಮಾಡಿದ್ದಾರೆ. ಅಚ್ಚು ಹಾಕುವ ಮರಳನ್ನು ಮಿಕ್ಸರ್‌ನಲ್ಲಿ ಕಲಸುವಾಗ ಅದರಲ್ಲಿ ಎಷ್ಟು ತೇವ ಇದೆ ಅಂತ ಅಳೆದು, ಎಷ್ಟು ನೀರು ಹಾಕಬೇಕು ಅಂತ ಹೇಳುತ್ತದೆ. ಈಗ ಬಹಳ ಕಡೆ ಈ ಕೆಲಸವನ್ನು ಕೆಲಸಗಾರನ ಮುಷ್ಟಿಯೇ ಮಾಡುತ್ತದೆ. ಮರಳು ಹಿಚುಕಿ ನೋಡಿ, ಸಾಕು ಅನ್ನುತ್ತಾನೆ. ತೇವ ಜಾಸ್ತಿಯಾದರೆ ಕಾಸ್ಟಿಂಗ್‌ನಲ್ಲಿ ಬ್ಲೋ ಹೋಲ್ ಅನ್ನುವ ಗಾಳಿಯ ತೂತು, ಕಡಿಮೆಯಾದರೆ ಅಚ್ಚೇ ಉದುರುತ್ತದೆ.

ನಾನು ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಲೆಕ್ಕ ಬರೆದವನು. ಲೆಕ್ಕ ನೋಡು ಅಂತಲೇ ಕರೆದಿದ್ದಳು.

ಮೊದಲ ಸ್ಲೈಡಿನಲ್ಲೇ ಯಂತ್ರದ ಫೋಟೋ ಇತ್ತು. ಆಮೇಲೆ ಸೆನ್ಸರ್, ಆ್ಯಪ್, ದೇಶದ ಫೌಂಡ್ರಿ ಉದ್ಯಮ ಎಷ್ಟು ದೊಡ್ಡದು ಅನ್ನುವ ಚಿತ್ರ, ತಂಡ. ಕೊನೆಗೆ "1 ಕೋಟಿ ಬೇಕು".

"ಇದರಾಗ ಯಾರ ರೊಕ್ಕ ಎಲ್ಲಿ ಹೋಗ್ಲಿಕತ್ತೈತಿ ಅನ್ನೋದು ಎಲ್ಲೈತಿ?" ಅಂದೆ.

"ಮಾಮಾ, ಅದು ಫೌಂಡ್ರಿಯವ್ರಿಗೆ ಗೊತ್ತೇ ಐತಲ್ಲ!"

ರೊಕ್ಕ ಹಾಕುವವರು ಫೌಂಡ್ರಿಯವರಲ್ಲವಲ್ಲ. ಅವರಿಗೆ ನೋವು ತಿಳಿಯದೆ ಔಷಧಿ ತೋರಿಸಿದರೆ ಬಾಟಲಿ ಚೆನ್ನಾಗಿದೆ ಅಂದು ಸುಮ್ಮನಾಗುತ್ತಾರೆ. ಹಾಗಾಗಿ ಒಂದೇ ಫೌಂಡ್ರಿಯ ಲೆಕ್ಕ ಹಿಡಿದೆವು. ತಿಂಗಳಿಗೆ 100 ಟನ್ ಎರಕ, ಅದರಲ್ಲಿ 7 ಟನ್ ರಿಜೆಕ್ಷನ್. ಅರ್ಧದಷ್ಟು, ಅಂದರೆ 3.5 ಟನ್, ಮರಳಿನ ದೋಷದಿಂದ. ಅವಳು ಅದನ್ನು ಮಾರಾಟದ ಬೆಲೆಯಿಂದ ಗುಣಿಸಿದ್ದಳು. ಅದು ನಡೆಯದು. ರಿಜೆಕ್ಟ್ ಆದ ಮಾಲು ಮತ್ತೆ ಕುಲುಮೆಗೆ ಹೋಗುತ್ತದೆ, ಕಬ್ಬಿಣ ಬಹುಪಾಲು ವಾಪಸ್ ಸಿಗುತ್ತದೆ. ಕಳೆದುಹೋಗುವುದು ಕರೆಂಟು, ಕೂಲಿ, ಎರಕದೊಳಗೆ ಟೊಳ್ಳು ಬರಲು ಇಡುವ ಕೋರ್, ಸಮಯ. ಆ ಫೌಂಡ್ರಿಯ ಖರ್ಚಿನ ಪುಸ್ತಕದ ಪ್ರಕಾರ ಅದು ಕಿಲೋಗೆ 25 ರೂಪಾಯಿ. ಅಂದರೆ ತಿಂಗಳಿಗೆ 87,500. ಮೊತ್ತ ಚಿಕ್ಕದಾಯಿತು ಅಂತ ಹುಡುಗಿಯ ಮುಖ ಬಾಡಿತು. ಆದರೆ ಕಸುಬು ಬಲ್ಲ ಒಬ್ಬನೇ ಒಬ್ಬ ಆ ಕೋಣೆಯಲ್ಲಿದ್ದರೂ ಮೊದಲಿನ ಅಂಕಿ ಅಲ್ಲೇ ಬಿದ್ದುಹೋಗುತ್ತಿತ್ತು. ಅದರ ಹಿಂದೆ ಉಳಿದ ಸ್ಲೈಡುಗಳೂ.

ಆಮೇಲೆ ನಾವು ಹಿಡಿದ ದಾರಿ ಇಷ್ಟೇ: ಒಂದು ಸ್ಲೈಡ್ ನೋಡಿದವನ ಬಾಯಿಗೆ ಯಾವ ಪ್ರಶ್ನೆ ಬರುತ್ತದೋ, ಮುಂದಿನ ಸ್ಲೈಡ್ ಅದಕ್ಕೇ ಉತ್ತರ. ನಷ್ಟ ಕಂಡವನು "ಈಗ ಏನು ಮಾಡ್ತಾರೆ?" ಅನ್ನುತ್ತಾನೆ. ಅಲ್ಲಿ ಮುಷ್ಟಿಯ ಫೋಟೋ ಬಂತು. "ಲ್ಯಾಬ್ ಇಲ್ವಾ?" ಇದೆ, ಆದರೆ ಅದರ ಉತ್ತರ ಬರುವಷ್ಟರಲ್ಲಿ ಆ ಮರಳು ಅಚ್ಚಾಗಿರುತ್ತದೆ. ಹೀಗೆ ಯಂತ್ರ ಐದನೇ ಸ್ಲೈಡಿಗೆ ಸರಿಯಿತು. ಯಂತ್ರ ನೋಡಿದವನ ಪ್ರಶ್ನೆ "ಕೆಲಸ ಮಾಡ್ತದಾ?" ಅಂತಲೇ ಹೊರತು "ಮಾರುಕಟ್ಟೆ ಎಷ್ಟು ದೊಡ್ಡದು?" ಅಂತ ಅಲ್ಲ. ಹಾಗಾಗಿ ಪ್ರಯೋಗದ ಫಲಿತಾಂಶವನ್ನು ಮಾರುಕಟ್ಟೆಗಿಂತ ಮುಂಚೆ ತಂದೆವು. ಅದೇ ಫೌಂಡ್ರಿಯಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಓಡಿಸಿದಾಗ 3.5 ಟನ್ 1.9ಕ್ಕೆ ಇಳಿದಿತ್ತು. ತಿಂಗಳಿಗೆ 40,000 ಉಳಿತಾಯ, ಇವರು ಕೇಳುವ ಬಾಡಿಗೆ 12,000.

ಮಾರುಕಟ್ಟೆಗೆ ದೇಶದ ದೊಡ್ಡ ಅಂಕಿ ತೆಗೆದು, ಬೆಳಗಾವಿ ಮತ್ತು ಕೊಲ್ಹಾಪುರದಲ್ಲಿ ಅವರೇ ಹೋಗಿ ನೋಡಿ ಪಟ್ಟಿ ಮಾಡಿದ 60 ಫೌಂಡ್ರಿ ಹಾಕಿದೆವು. ವರ್ಷಕ್ಕೆ 86 ಲಕ್ಷದ ವ್ಯಾಪಾರ. ಸಣ್ಣದೇ. ಅದರಾಚೆಗೆ ಕೊಯಮತ್ತೂರು, ರಾಜಕೋಟ್ ಇವೆ ಅಂತ ಒಂದು ಸಾಲು. ತಂಡದ ಸ್ಲೈಡಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಹೊತ್ತು ಹಿಡಿದದ್ದು ಕೊನೆಯದು. "ಒಂದು ಕೋಟಿ ಯಾಕ?" ಅಂದರೆ "ಎಲ್ಲಾರೂ ಅಷ್ಟೇ ಕೇಳ್ತಾರ" ಅಂದಳು. ಇನ್ನೂ ಏನು ಸಾಬೀತಾಗಿಲ್ಲ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಎರಡು ಹೇಳಿದಳು. ಮಳೆಗಾಲ ನೋಡಿಲ್ಲ. ಜೂನ್ ಬಂದರೆ ಬೆಳಗಾವಿಯಲ್ಲಿ ರಾಶಿ ಹಾಕಿದ ಮರಳೇ ಒದ್ದೆ. ಇನ್ನೊಂದು, ಬೇರೆ ಫೌಂಡ್ರಿಯವರು ರೊಕ್ಕ ಕೊಟ್ಟು ಇಟ್ಟುಕೊಳ್ಳುತ್ತಾರಾ ಗೊತ್ತಿಲ್ಲ. ಸರಿ, ಕೇಳುವ ಹಣ ಇವೆರಡನ್ನೇ ಸಾಬೀತು ಮಾಡಲಿ. 20 ಯಂತ್ರಕ್ಕೆ 11 ಲಕ್ಷ, 15 ತಿಂಗಳ ಸಂಬಳ 30, ಓಡಾಟ ಮತ್ತು ರಿಪೇರಿಗೆ 9, ಕೈಯಲ್ಲಿರಲಿ ಅಂತ 5. ಒಟ್ಟು 55 ಲಕ್ಷ. ಕೊನೆಗೆ 20 ಫೌಂಡ್ರಿ ಬಾಡಿಗೆ ಕೊಟ್ಟರೆ ತಿಂಗಳಿಗೆ 2.4 ಲಕ್ಷ, ಸಂಬಳ 2 ಲಕ್ಷ. ಕಂಪನಿಯಲ್ಲಿ ಎಷ್ಟು ಪಾಲು ಕೊಡುತ್ತೇವೆ ಅನ್ನುವುದನ್ನು ಸ್ಲೈಡಿನಲ್ಲಿ ಬರೆಯಲಿಲ್ಲ. ಅದು ಮಾತಿನಲ್ಲಿ ತೀರಬೇಕಾದದ್ದು ಅಂತ ನನ್ನ ಅಭಿಪ್ರಾಯ.

ಹುಬ್ಬಳ್ಳಿಯ ಮೀಟಿಂಗಿನಲ್ಲಿ ಫಲಿತಾಂಶದ ಸ್ಲೈಡ್ ಬಂದ ಕೂಡಲೇ ಒಬ್ಬರು "ಮಳೆಗಾಲದಾಗ ಏನ್ರಿ?" ಅಂತ ಕೇಳಿದರಂತೆ. ಇವಳು ನೇರ ಕೊನೆಯ ಸ್ಲೈಡಿಗೆ ಹೋಗಿ, ಆ ಸಾಲು ತೋರಿಸಿ, ಮತ್ತೆ ಹಿಂದಕ್ಕೆ ಬಂದಳಂತೆ. ಅವರು ಹಣಕ್ಕೆ ಇನ್ನೂ ಹೂಂ ಅಂದಿಲ್ಲ. ಪ್ರಯೋಗ ನಡೆದ ಫೌಂಡ್ರಿಯ ಮಾಲೀಕರ ಫೋನ್ ನಂಬರ್ ಇಸಿದುಕೊಂಡಿದ್ದಾರೆ.