ಬಸಣ್ಣ ನಿನ್ನೆಯವರೆಗೆ ಯಾಕೆ ಬದಲಾಗಲಿಲ್ಲ?

ರಾಯಚೂರು, 12 ಜನವರಿ 2025, ಭಾನುವಾರ

ಇವತ್ತು ಗಂಜ್‌ಗೆ ರಜೆ. ಬೆಳಿಗ್ಗೆಯಿಂದ ಕೂತು ನಾನು ಬರೆಯುತ್ತಿರುವ ಕಥೆಯನ್ನು ಮತ್ತೆ ಮೊದಲಿಂದ ಬಿಚ್ಚಿದ್ದೇನೆ. ಮೂರು ಸಾವಿರ ಪದದ ಕಥೆ. ಹತ್ತಿ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತ ಬಸಣ್ಣನದು. ಅವನಿಗೆ ಒಂದು ಕೆಟ್ಟ ಗುಣ ಇದೆ, ತನ್ನ ತಪ್ಪನ್ನು ಯಾವತ್ತೂ ಒಪ್ಪಿಕೊಳ್ಳುವುದಿಲ್ಲ, ಪಕ್ಕದಲ್ಲಿ ಯಾರಿದ್ದಾರೋ ಅವರ ಮೇಲೆ ಹಾಕಿಬಿಡುತ್ತಾನೆ. ಕಥೆಯ ಕೊನೆಗೆ ಅವನು ಒಪ್ಪಿಕೊಳ್ಳಬೇಕು. ನನಗೆ ಬೇಕಾಗಿದ್ದು ಅಷ್ಟೇ.

ಹೋದ ವಾರ ನಮ್ಮ ಓದುವ ಗುಂಪಿನ ಅಕ್ಕನಿಗೆ ಹಳೆಯ ಪ್ರತಿ ಕೊಟ್ಟಿದ್ದೆ. ಅದರಲ್ಲಿ ಬಸಣ್ಣನಿಗೆ ಎದೆನೋವು ಬರುತ್ತದೆ, ಆಸ್ಪತ್ರೆ ಸೇರುತ್ತಾನೆ, ಮಗಳು ಹಾಸಿಗೆ ಪಕ್ಕ ಕೂತು ಒಂದು ಪುಟ ಬುದ್ಧಿ ಹೇಳುತ್ತಾಳೆ, ಮನೆಗೆ ಬಂದವನು ಎಲ್ಲರ ಹತ್ತಿರ ಕ್ಷಮೆ ಕೇಳುತ್ತಾನೆ. ಅಕ್ಕ ಓದಿ ಒಂದೇ ಪ್ರಶ್ನೆ ಕೇಳಿದಳು. "ತಮ್ಮಾ, ಇಂವ ನಿನ್ನೆ ತನಕ ಯಾಕ ಬದಲಾಗ್ಲಿಲ್ಲ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಸಣ್ಣ ಕೆಟ್ಟವನು, ಆಮೇಲೆ ಒಳ್ಳೆಯವನಾದ, ಅಷ್ಟೇ ಬರೆದಿದ್ದೆ. ತಪ್ಪು ಒಪ್ಪಿಕೊಳ್ಳದೆ ಇರುವುದರಿಂದ ಅವನಿಗೆ ಏನು ಸಿಗುತ್ತಿತ್ತು ಅಂತ ನಾನೇ ಯೋಚಿಸಿರಲಿಲ್ಲ. ಸುಮ್ನೆ ಯಾರೂ ಮೂವತ್ತು ವರ್ಷ ಒಂದೇ ಚಾಳಿ ಇಟ್ಟುಕೊಳ್ಳುವುದಿಲ್ಲ ಅಲ್ವಾ? ಅದು ಅವನನ್ನು ಎಲ್ಲೋ ಕಾಪಾಡಿರಬೇಕು.

ಹಾಗಾಗಿ ಇವತ್ತು ಮೊದಲು ಕೂತಿದ್ದು ಅದರ ಮೇಲೆ. ಬಸಣ್ಣ ಹದಿನೇಳನೇ ವಯಸ್ಸಿಗೆ ಬೇರೆ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಇದ್ದ. ಒಂದು ದಿನ ಲೆಕ್ಕ ತಪ್ಪಿತು, ತಾನಾಗಿಯೇ ಹೋಗಿ ಹೇಳಿದ, ಸಂಜೆಗೆ ಕೆಲಸ ಹೋಯಿತು. ಅವತ್ತು ಅವನ ತಲೆಯಲ್ಲಿ ಒಂದು ಮಾತು ಕೂತಿತು: ಒಪ್ಪಿಕೊಂಡವನು ಕೂಳು ಕಳೆದುಕೊಳ್ಳುತ್ತಾನೆ, ಎಲ್ಲರೂ ಅವರವರ ಕುತ್ತಿಗೆಯನ್ನೇ ಉಳಿಸಿಕೊಳ್ಳುತ್ತಾರೆ. ಅವನ ನಡತೆಯೆಲ್ಲ ಈ ನಂಬಿಕೆಯಿಂದಲೇ ಬಂದಿದೆ. ಅಂದರೆ ಕಥೆಯಲ್ಲಿ ಮುರಿಯಬೇಕಾದದ್ದು ಈ ನಂಬಿಕೆ. ಇದು ಮುರಿದರೆ ನಡತೆ ಹಿಂದೆಯೇ ಬದಲಾಗುತ್ತದೆ. ಮಗಳ ಬುದ್ಧಿಮಾತು ಯಾಕೆ ಕೆಲಸ ಮಾಡಲಿಲ್ಲ ಅಂತ ಈಗ ಗೊತ್ತಾಯಿತು. ಅವಳು ಏನೇ ಹೇಳಿದರೂ "ನಿನಗೇನು ಗೊತ್ತು, ನಾನು ನೋಡಿದ್ದೇನೆ" ಅಂತ ಬಸಣ್ಣ ಒಳಗೇ ಅಂದುಕೊಳ್ಳಬಹುದು. ಎದೆನೋವೂ ಹಾಗೆಯೇ. ನೋವು ಬಂದರೆ ಸಾವಿನ ಭಯ ಬರುತ್ತದೆ, ಆದರೆ ತಪ್ಪು ಒಪ್ಪಿಕೊಂಡರೆ ಕೂಳು ಹೋಗುತ್ತದೆ ಅನ್ನುವ ನಂಬಿಕೆಗೂ ಅದಕ್ಕೂ ಸಂಬಂಧವೇ ಇಲ್ಲ.

ಮಧ್ಯಾಹ್ನ ರೊಟ್ಟಿ ತಿನ್ನುತ್ತಾ ಪುಣ್ಯಕೋಟಿ ನೆನಪಾಯಿತು. ಚಿಕ್ಕಂದಿನಿಂದ ಕೇಳಿದ ಹಾಡು, ಆದರೆ ಹುಲಿಯ ಕಡೆಯಿಂದ ನೋಡಿರಲಿಲ್ಲ. ಹುಲಿಯದೂ ಒಂದು ನಂಬಿಕೆ ತಾನೇ? ಒಮ್ಮೆ ಬಿಟ್ಟರೆ ಹಸು ಮತ್ತೆ ಬರುವುದಿಲ್ಲ ಅಂತ. ಹಸು ಎಷ್ಟು ಬೇಡಿಕೊಂಡರೂ, ಆಣೆ ಇಟ್ಟರೂ, ಹುಲಿ ಅಲ್ಲೇ ಬದಲಾಗುವುದಿಲ್ಲ. ಹೋಗಿ ಬಾ ಅನ್ನುತ್ತದೆ ಅಷ್ಟೇ, ಅದು ಚಿಕ್ಕ ಬಿರುಕು. ಕರುವಿಗೆ ಹಾಲು ಕುಡಿಸಿ ಹಸು ನಿಜವಾಗಿ ಎದುರಿಗೆ ಬಂದು ನಿಂತಾಗ ಹುಲಿ ಒಡೆದು ಹೋಗುತ್ತದೆ. ಅದು ನಂಬಿದ್ದಕ್ಕೆ ಸರಿಯಾಗಿ ಉಲ್ಟಾ ಇರುವ ಒಂದು ಕೆಲಸ ಕಣ್ಣ ಮುಂದೆ ನಡೆಯಿತು. ನನ್ನ ಕಥೆಗೂ ಅಂಥದ್ದೊಂದು ಬೇಕಿತ್ತು, ಬಸಣ್ಣನ ನಂಬಿಕೆಗೆ ಅಳತೆ ಮಾಡಿ ಹೊಲಿದಂಥದ್ದು.

ಸಿಕ್ಕಿತು. ಎಲ್ಲರೂ ತಮ್ಮ ಕುತ್ತಿಗೆ ಉಳಿಸಿಕೊಳ್ಳುತ್ತಾರೆ ಅಂತ ನಂಬಿದವನ ಎದುರು, ಯಾರೋ ಒಬ್ಬರು ತಮ್ಮದಲ್ಲದ ತಪ್ಪನ್ನು ತಾವೇ ತಲೆ ಮೇಲೆ ಹಾಕಿಕೊಳ್ಳಬೇಕು.

ಅಲ್ಲಿಂದ ಕಥೆ ಹಿಂದಕ್ಕೂ ಮುಂದಕ್ಕೂ ತಾನೇ ಹಬ್ಬಿತು. ಒಂದು ಹಾಳೆಯ ಹಿಂಬದಿ ದೃಶ್ಯಗಳನ್ನೂ ಪದಗಳ ಲೆಕ್ಕವನ್ನೂ ಬರೆದುಕೊಂಡೆ. ಎಲ್ಲ ಒಂದೇ ದಿನದಲ್ಲಿ ನಡೆಯಬೇಕು, ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಸಂಜೆ ಬಟವಾಡೆಯ ತನಕ. ಮೂವತ್ತು ವರ್ಷವನ್ನು ಮೂರು ಸಾವಿರ ಪದಕ್ಕೆ ತುರುಕಲು ಹೋದರೆ ಪ್ರತಿ ವರ್ಷಕ್ಕೆ ನೂರು ಪದ, ಅದು ಕಥೆ ಆಗುವುದಿಲ್ಲ, ವರದಿ ಆಗುತ್ತದೆ.

ಮೊದಲ ದೃಶ್ಯಕ್ಕೆ 600 ಪದ. ಬೆಳಿಗ್ಗೆ ಒಂದು ರಸೀದಿ ಕಾಣುವುದಿಲ್ಲ, ಸಾವ್ಕಾರ್ರು ಕೂಗುತ್ತಾರೆ, ಬಸಣ್ಣ ತಲೆ ಎತ್ತದೆ "ಹುಡುಗ ಎಲ್ಲೋ ಇಟ್ಟಾನ್ರಿ" ಅನ್ನುತ್ತಾನೆ. ಅಂಗಡಿಯ ಹುಡುಗ ಬೈಸಿಕೊಳ್ಳುತ್ತಾನೆ, ಬಸಣ್ಣ ಚಹಾ ಕುಡಿಯುತ್ತಾನೆ. ಅವನ ಗುಣ ಇಲ್ಲಿ ಗೆಲ್ಲಲೇಬೇಕು. ಹಳೆಯ ಪ್ರತಿಯಲ್ಲಿ "ಬಸಣ್ಣ ಹಟಮಾರಿ ಮನುಷ್ಯ" ಅಂತ ಬರೆದಿದ್ದೆ, ಅದನ್ನು ತೆಗೆದೆ. ಗುಣವನ್ನು ಹೆಸರು ಹಿಡಿದು ಹೇಳಿದರೆ ಕೊನೆಗೆ ಅದು ಬದಲಾದದ್ದನ್ನೂ ಹೇಳಿಯೇ ತೋರಿಸಬೇಕಾಗುತ್ತದೆ. ಕೆಲಸವಾಗಿ ತೋರಿಸಿದರೆ ಕೊನೆಗೆ ಬೇರೆ ಕೆಲಸ ತೋರಿಸಿದರೆ ಸಾಕು. ಇಲ್ಲೇ ಅವನ ಪುಸ್ತಕವನ್ನೂ ತಂದೆ. ಬಸಣ್ಣನ ಲೆಕ್ಕದ ಪುಸ್ತಕದಲ್ಲಿ ಒಂದೂ ಹೊಡೆದು ಹಾಕಿದ ಗೆರೆ ಇಲ್ಲ, ಅವನಿಗೆ ಅದೇ ದೊಡ್ಡ ಹೆಮ್ಮೆ. ನಮ್ಮಪ್ಪ ಗುಮಾಸ್ತರಾಗಿದ್ದರು, ಅವರ ಪುಸ್ತಕ ನೋಡಿ ಬೆಳೆದವನು ನಾನು, ಅದಕ್ಕೇ ಈ ಗೆರೆ ಕೈಗೆ ಸಿಕ್ಕಿತು ಅನಿಸುತ್ತದೆ.

ಎರಡನೆಯದಕ್ಕೆ 700. ಒಬ್ಬ ರೈತ ಪಟ್ಟಿ ಹಿಡಿದು ವಾಪಸ್ ಬರುತ್ತಾನೆ. ಹದಿನಾಲ್ಕು ಚೀಲ ಹತ್ತಿ, 8 ಕ್ವಿಂಟಲ್ 61 ಕೆಜಿ ಆಗಬೇಕಿತ್ತು, ಪಟ್ಟಿಯಲ್ಲಿ 8 ಕ್ವಿಂಟಲ್ 16 ಇದೆ. 45 ಕೆಜಿ ಕಡಿಮೆ. ಕ್ವಿಂಟಲ್‌ಗೆ ಏಳು ಸಾವಿರ ಹಿಡಿದರೆ 3,150 ರೂಪಾಯಿ. ಮೊತ್ತ ಎಷ್ಟಿರಬೇಕು ಅಂತ ಬಹಳ ಹೊತ್ತು ಯೋಚಿಸಿದೆ. ನೂರು ರೂಪಾಯಿ ಆದರೆ ಯಾರಿಗೂ ನಾಟುವುದಿಲ್ಲ, ಲಕ್ಷ ಆದರೆ ಪೊಲೀಸ್ ಕಥೆ ಆಗುತ್ತದೆ. ಒಬ್ಬ ಹಮಾಲನ ಕೂಲಿಗೆ ಪೆಟ್ಟು ಬೀಳುವಷ್ಟು ಇರಬೇಕಿತ್ತು. ಬಸಣ್ಣ ಎಂದಿನಂತೆ, "ಮಲ್ಲಪ್ಪ ತೂಕ ತಪ್ಪು ಓದ್ಯಾನ" ಅನ್ನುತ್ತಾನೆ. ಮಲ್ಲಪ್ಪ ಇಪ್ಪತ್ತು ವರ್ಷದಿಂದ ತೂಕದ ಹತ್ತಿರ ನಿಂತು ಕೂಗಿ ಹೇಳುವ ಹಮಾಲ, ಬಸಣ್ಣನ ಜೊತೆ ದಿನಾ ಚಹಾ ಕುಡಿಯುವವನು. ಬೆಳಿಗ್ಗೆ ಮಾಡಿದ್ದೇ ಕೆಲಸ, ಆದರೆ ಈ ಸಲ ಬೆಲೆ ಕೊಡುವವನು ಗೆಳೆಯ.

ಮೂರನೆಯದು 800, ಎಲ್ಲಕ್ಕಿಂತ ದೊಡ್ಡದು. ಬಸಣ್ಣ ಒಬ್ಬನೇ ಇದ್ದಾಗ ತೂಕ ಬರೆದುಕೊಂಡಿದ್ದ ಹಳೆಯ ಚೀಟಿ ಹುಡುಕುತ್ತಾನೆ. ಚೀಟಿಯಲ್ಲಿ ಅವನದೇ ಕೈಬರಹದಲ್ಲಿ 61 ಇದೆ. ಪುಸ್ತಕಕ್ಕೆ ಇಳಿಸುವಾಗ ಅಂಕಿ ತಿರುಗಿದೆ. ಮೊದಲು ಇಲ್ಲೇ ಅವನನ್ನು ಬದಲಾಯಿಸಿಬಿಡೋಣ ಅನಿಸಿತ್ತು. ಬರೆದು ನೋಡಿದೆ, ಸಪ್ಪೆಯಾಯಿತು. ಗೊತ್ತಾದ ಕೂಡಲೇ ಒಪ್ಪಿಕೊಳ್ಳುವವನು ಮೊದಲಿಂದಲೂ ಒಳ್ಳೆಯವನೇ ಆಗಿದ್ದ ಅಂತ ಆಗುತ್ತದೆ, ಬದಲಾವಣೆ ಎಲ್ಲಿ ಬಂತು? ಹಾಗಾಗಿ ಅವನು ಆ ಚೀಟಿಯನ್ನು ಮಡಚಿ ಅಂಗಿ ಜೇಬಿಗೆ ಹಾಕಿಕೊಳ್ಳುತ್ತಾನೆ. ಬೆಳಿಗ್ಗೆ ಬರೀ ಚಾಳಿ ಆಗಿದ್ದದ್ದು ಈಗ ತಿಳಿದೂ ಮಾಡಿದ ಮೋಸ ಆಯಿತು. ತಿರುವಿಗೆ ಮುಂಚೆ ಅವನು ಇಷ್ಟು ಕೆಳಗೆ ಇಳಿಯಲೇಬೇಕು ಅಂತ ನನಗೆ ಈಗ ಖಾತ್ರಿ.

ಚೀಟಿ ಜೇಬಲ್ಲಿ ಇರುವಾಗಲೇ ಮಲ್ಲಪ್ಪ ಬರುತ್ತಾನೆ. ಜಗಳಕ್ಕೆ ಬಂದ ಅಂತ ಬಸಣ್ಣ ತಯಾರಾಗುತ್ತಾನೆ. ಮಲ್ಲಪ್ಪ ನೆಲದ ಮೇಲೆ ಕೂತು, "ಇರಬಹುದು ಬಸಣ್ಣ, ಈಚೆಗೆ ನನ್ನ ಕಣ್ಣು ಮಂಜಾಗ್ಯಾವ. ನೀ ಬರೆದದ್ದು ತಪ್ಪಾಗಂಗಿಲ್ಲ. ನನ್ನ ಕೂಲಿಯಾಗ ಹಿಡ್ಕೊಳ್ರಿ ಅಂತ ಸಾವ್ಕಾರ್ರಿಗೆ ಹೇಳಿ ಬಂದೆ" ಅನ್ನುತ್ತಾನೆ.

ಹದಿನೇಳರ ವಯಸ್ಸಿನ ಆ ಸಂಜೆಯನ್ನು ಇಲ್ಲಿ ಎರಡೇ ಎರಡು ವಾಕ್ಯದಲ್ಲಿ ಹಾಕಿದ್ದೇನೆ. ಇವತ್ತು ಮೊದಲು ಬರೆದಾಗ ಅದು ಕಥೆಯ ಆರಂಭದಲ್ಲೇ ಇತ್ತು, 500 ಪದ ತಿಂದಿತ್ತು. ಅಲ್ಲಿ ಓದುಗರಿಗೆ ಅದು ಯಾಕೆ ಬೇಕು ಅಂತಲೇ ಗೊತ್ತಾಗುವುದಿಲ್ಲ. ಮಲ್ಲಪ್ಪನ ಮಾತು ಮುಗಿದ ಮೇಲೆ ಬಂದರೆ ಎರಡು ವಾಕ್ಯವೇ ಸಾಕಾಗುತ್ತದೆ.

ನಾಲ್ಕನೆಯದಕ್ಕೆ 600. ಬಟವಾಡೆ ನಡೆಯುತ್ತಿದೆ, ಎಲ್ಲರೂ ಇದ್ದಾರೆ. ಮಲ್ಲಪ್ಪನ ಹೆಸರು ಬಂದಾಗ ಬಸಣ್ಣ ಪುಸ್ತಕ ತೆರೆದು, 16ರ ಮೇಲೆ ಗೆರೆ ಹೊಡೆದು, ಪಕ್ಕದಲ್ಲಿ 61 ಬರೆದು, ಸಹಿ ಹಾಕುತ್ತಾನೆ. "ಅಂಕಿ ನಂದು ತಪ್ಪೇದ್ರಿ" ಅನ್ನುವ ಒಂದು ಮಾತು ಬಿಟ್ಟರೆ ಬೇರೆ ಏನೂ ಇಲ್ಲ. ಇದಕ್ಕೆ ಬೆಲೆಯೂ ಇರಬೇಕು. ದುಡ್ಡು ಅವನ ಪಗಾರದಿಂದ ಹೋಗುತ್ತದೆ, ಜೊತೆಗೆ ನಾಳೆಯಿಂದ ಹುಡುಗನೂ ಲೆಕ್ಕ ನೋಡಲಿ ಅಂತ ಸಾವ್ಕಾರ್ರು ಹೇಳುತ್ತಾರೆ. ಸಾವ್ಕಾರ್ರು ಬೆನ್ನು ತಟ್ಟಿ ಹೊಗಳಿದರೆ ಕಥೆ ಅಲ್ಲೇ ಸುಳ್ಳಾಗುತ್ತದೆ, ಯಾಕಂದರೆ ಬಸಣ್ಣನ ಭಯ ಪೂರ್ತಿ ಸುಳ್ಳಾಗಿರಲಿಲ್ಲ. ಭಯ ಹಾಗೇ ಇದ್ದೂ ಅವನು ಗೆರೆ ಹೊಡೆದ.

ಕೊನೆಗೆ 200 ಪದ, ಇಬ್ಬರೂ ಚಹಾದ ಅಂಗಡಿ ಮುಂದೆ. ಒಟ್ಟು 2,900. ಮಗಳು ಕಥೆಯಿಂದ ಪೂರ್ತಿ ಹೋದಳು. ಬೇಜಾರಾಯಿತು, ಅವಳ ಮಾತುಗಳನ್ನು ಕಷ್ಟಪಟ್ಟು ಬರೆದಿದ್ದೆ.

ಸಂಜೆ ಎರಡು ಸಲ ಪರೀಕ್ಷೆ ಮಾಡಿದೆ. ಮೊದಲನೆಯದು, ಮೂರನೇ ದೃಶ್ಯದ ಹಾಳೆಯನ್ನು ಪಕ್ಕಕ್ಕೆ ಇಟ್ಟು ಉಳಿದದ್ದನ್ನು ಓದಿದೆ. ಬಸಣ್ಣ ಗೆರೆ ಹೊಡೆಯುವುದು ತಲೆಬುಡ ಇಲ್ಲದೆ ಕಂಡಿತು, ಸಮಾಧಾನ ಆಯಿತು. ಹಳೆಯ ಪ್ರತಿಯಲ್ಲಿ ನಡುವಿನ ಯಾವ ದೃಶ್ಯ ತೆಗೆದರೂ ಕೊನೆ ಹಾಗೇ ನಿಲ್ಲುತ್ತಿತ್ತು, ಅಂದರೆ ಆ ದೃಶ್ಯಗಳು ಅವನಿಗೆ ಏನೂ ಮಾಡಿರಲಿಲ್ಲ. ಎರಡನೆಯದು, ಕೆಂಪು ಪೆನ್ನು ಹಿಡಿದು "ಅವನಿಗೆ ಅರಿವಾಯಿತು", "ಅವನ ಮನಸ್ಸು ಕರಗಿತು" ಅಂಥ ಮಾತುಗಳಿಗೆಲ್ಲ ಗುರುತು ಹಾಕಿದೆ. ಹಳೆಯದರಲ್ಲಿ ಏಳು ಇದ್ದವು. ಈಗ ಒಂದು ಉಳಿದಿದೆ, ಚೀಟಿ ನೋಡುವ ಕಡೆ. ಅದನ್ನೂ ತೆಗೆದು ಅವನ ಬೆರಳು ಅಂಕಿಯ ಮೇಲೆ ನಿಂತಿತು ಅಂತ ಮಾಡಿದ್ದೇನೆ.

ಇನ್ನೂ ಒಂದು ಕೊರೆಯುತ್ತಿದೆ. ಬೆಳಿಗ್ಗೆ ಬೈಸಿಕೊಂಡ ಹುಡುಗನಿಗೆ ಬಸಣ್ಣ ಏನೂ ಹೇಳಲೇ ಇಲ್ಲ. ಹೇಳಿಸಬೇಕು ಅಂತ ಕೈ ಓಡುತ್ತದೆ. ಆದರೆ ಒಂದೇ ದಿನದಲ್ಲಿ ಮನುಷ್ಯ ಪೂರ್ತಿ ತಿರುಗುವುದಿಲ್ಲ. ಈ ಉದ್ದದ ಕಥೆ ಒಂದು ಗೆರೆಯಷ್ಟು ಬದಲಾವಣೆಯನ್ನು ಹೊರಬಹುದು, ಎರಡನೆಯದು ಬಂದರೆ ಮೊದಲನೆಯದೂ ಅಗ್ಗವಾಗುತ್ತದೆ. ಹುಡುಗನ ಬಾಕಿ ಹಾಗೇ ಇರಲಿ. ಮರುದಿನ ಅವನೇ ಬಸಣ್ಣನ ಪಕ್ಕ ಕೂತು ಪುಸ್ತಕ ನೋಡುತ್ತಾನಲ್ಲ.

ರಾತ್ರಿ ಹತ್ತೂವರೆ. ಮೂರನೇ ದೃಶ್ಯವನ್ನು ಮತ್ತೆ ತಿದ್ದಿ ಬರೆಯುತ್ತಿದ್ದೇನೆ, 410 ಪದಕ್ಕೆ ಬಂದು ನಿಂತಿದೆ. ಮಲ್ಲಪ್ಪ ಈಗಷ್ಟೇ ಒಳಗೆ ಬಂದು ನೆಲದ ಮೇಲೆ ಕೂತಿದ್ದಾನೆ.