‘ಕಾಯರ್ದಶಿರ್’ ಆದ ಕಾರ್ಯದರ್ಶಿ

ಸಭೆಯಲ್ಲಿ ಆದ ಮರ್ಯಾದೆ ನಷ್ಟ ಎರಡು ವರ್ಷ ಕಳೆದರೂ ಚುಚ್ಚುತ್ತದೆ. ಒಂದು ಸಹಕಾರ ಸಂಘದ ಬೈಲಾ ಪುಸ್ತಕವನ್ನು, ಸುಮಾರು ಇನ್ನೂರು ಪುಟ, ಹುಡುಕಲು ಬರುವ ಹಾಗೆ ಅವರ ವೆಬ್‌ಸೈಟಿಗೆ ಹಾಕಿಕೊಡುವ ಕೆಲಸ ನಮ್ಮದಾಗಿತ್ತು. ಪ್ರೆಸ್ಸಿಗೆ ಹೋದ ಪಿಡಿಎಫ್ ಡಿಸೈನರ್ ಕಡೆಯಿಂದ ಬಂದಿತ್ತು. ಅಕ್ಷರ ಎತ್ತಿಕೊಂಡು ಸೈಟಿಗೆ ಸುರಿಯುವುದಷ್ಟೇ, ನಾಲ್ಕು ದಿನ ಸಾಕು ಎಂದು ನಮ್ಮ ಮ್ಯಾನೇಜರ್ ನನ್ನನ್ನು ಕೇಳದೆಯೇ ಒಪ್ಪಿಕೊಂಡಿದ್ದರು. ಮಾಮೂಲಿ.

ನನಗೆ ಗೊತ್ತಿದ್ದ ಹಾಳು ಪಿಡಿಎಫ್ ಅಂದರೆ ಒಂದೇ ಬಗೆಯದು: ಹಳೆಯ ನುಡಿ ಫಾಂಟಿನದು. ಇದೇ ಸಂಘದ ಹಳೆಯ ಸುತ್ತೋಲೆಗಳಿಂದ ‘ಕಾರ್ಯದರ್ಶಿ’ ಕಾಪಿ ಮಾಡಿದರೆ `PÁAiÀÄðzÀ²ð` ಎಂದು ಬೀಳುತ್ತಿತ್ತು. ಅದನ್ನು ನೋಡಿದ ಕೂಡಲೇ ಗೊತ್ತಾಗುತ್ತದೆ, ಕನ್ವರ್ಟರಿಗೆ ಹಾಕಿದರೆ ಸರಿಹೋಗುತ್ತದೆ. ಹೊಸ ಪುಸ್ತಕದಲ್ಲಿ ಇದ್ದದ್ದು ಯೂನಿಕೋಡ್ ಫಾಂಟ್. ಆದರೂ ಜಾಗ್ರತೆ ಇರಲಿ ಎಂದು, ಪಿಡಿಎಫ್‌ನಲ್ಲಿರುವ ಫಾಂಟುಗಳನ್ನು ತೋರಿಸುವ `pdffonts` ಓಡಿಸಿದೆ. ಅದರ ಕೊನೆಯ ಕಡೆ `uni` ಅನ್ನುವ ಕಾಲಂ ಇರುತ್ತದೆ. ಕಾಪಿ ಮಾಡುವಾಗ ಯಾವುದು ಯಾವ ಅಕ್ಷರ ಎಂದು ಹೇಳುವ `ToUnicode` ಪಟ್ಟಿ ಆ ಫಾಂಟಿಗೆ ಇದೆಯೋ ಇಲ್ಲವೋ ಹೇಳುವುದು ಅದೇ. ಮೂರು ಫಾಂಟುಗಳಲ್ಲಿ ಎರಡಕ್ಕೆ `yes`, ಅಧ್ಯಾಯದ ತಲೆಬರಹದ ಫಾಂಟಿಗೆ ಮಾತ್ರ `no`. ತಲೆಬರಹಗಳನ್ನು ಅರ್ಧ ದಿನ ಕೂತು ಕೈಯಲ್ಲೇ ಟೈಪ್ ಮಾಡಿದೆ. ಉಳಿದದ್ದರ ಬಗ್ಗೆ ನಿಶ್ಚಿಂತೆ. ಒಂದು ಪರೀಕ್ಷೆಯನ್ನೂ ಮಾಡಿದೆ ಅನ್ನಿ: ‘ಕನ್ನಡ’ ಎಂದು ಹುಡುಕಿದೆ. ಸಿಕ್ಕಿತು. ‘ಸದಸ್ಯತ್ವ’ವೂ ಸಿಕ್ಕಿತು. "ಸರ್, ಪಿಡಿಎಫ್ ಸರಿಯಾಗಿದೆ" ಎಂದು ಮೇಲ್ ಹಾಕಿದೆ. ಆ ಮೇಲ್ ಈಗಲೂ ಇದೆ, ಡಿಲೀಟ್ ಮಾಡಿಲ್ಲ.

ಸಂಘದ ಆಡಳಿತ ಮಂಡಳಿಗೆ ತೋರಿಸುವ ದಿನ ಪ್ರೊಜೆಕ್ಟರ್ ಹಾಕಿದ್ದರು. ಅಧ್ಯಕ್ಷರು ಮೊದಲು ‘ಅಧ್ಯಕ್ಷ’ ಎಂದು ಹುಡುಕಿಸಿದರು. ಪುಟಗಟ್ಟಲೆ ಬಂತು. ಅವರ ಮುಖ ಅರಳಿತು. ‘ಖಜಾಂಚಿ’ಯೂ ಬಂತು. ಆಮೇಲೆ ಕಾರ್ಯದರ್ಶಿಗಳು, "ನಮ್ಮದೂ ಒಂಚೂರು ನೋಡಿ" ಅಂದರು. ಟೈಪ್ ಮಾಡಿದೆ. ಸೊನ್ನೆ. ಕೈ ತಪ್ಪಿರಬೇಕು ಎಂದು ಮತ್ತೆ ಮಾಡಿದೆ. ಸೊನ್ನೆ. ‘ನಿರ್ದೇಶಕ’ ಹಾಕಿ ಎಂದು ಹಿಂದಿನ ಸಾಲಿನಿಂದ ಯಾರೋ ಕೂಗಿದರು. ಅದೂ ಸೊನ್ನೆ. ಫ್ಯಾನ್ ತಿರುಗುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ನಾನು ಸರ್ಚ್ ಇಂಡೆಕ್ಸ್ ಇನ್ನೂ ಪೂರ್ತಿ ಆಗಿಲ್ಲ ಎಂದು ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಅಧ್ಯಕ್ಷರು ಪಕ್ಕಕ್ಕೆ ತಿರುಗಿ, "ನೋಡ್ರಿ, ಬೈಲಾದಲ್ಲಿ ನೀವೇ ಇಲ್ವಂತೆ" ಅಂದರು. ಎಲ್ಲರೂ ನಕ್ಕರು, ಕಾರ್ಯದರ್ಶಿ ನಗಲಿಲ್ಲ. ನಮಗೆ ಚೆಕ್ಕಿಗೆ ಸಹಿ ಹಾಕುವವರು ಅವರೇ.

ಆಫೀಸಿಗೆ ಬಂದು ಎತ್ತಿದ ಪಠ್ಯವನ್ನು ಮೊದಲ ಸಲ ನಿಜವಾಗಿ ಓದಿದೆ. ‘ಕಾಯರ್ದಶಿರ್’. ‘ನಿದೇರ್ಶಕ’. ‘ಆಸಿ್ತ’. ‘ವ್ಯಕಿ್ತ’. ನಮ್ಮ ಪ್ರೂಫ್ ನೋಡುವ ನಿವೃತ್ತ ಮೇಷ್ಟ್ರು ಇದನ್ನು ವಾರದ ಹಿಂದೆಯೇ ಕಂಡಿದ್ದರಂತೆ. "ಯಾರೋ ಹುಡುಗರು ಟೈಪ್ ಮಾಡಿರಬೇಕು ಅಂದ್ಕೊಂಡೆ, ಬೇಜಾರಾಯ್ತು, ಸುಮ್ಮನಾದೆ" ಅಂದರು. ಯಾರೂ ತಪ್ಪು ಟೈಪ್ ಮಾಡಿರಲಿಲ್ಲ. ಪುಟದ ಮೇಲೆ ಕಣ್ಣಿಗೆ ಎಲ್ಲವೂ ಸರಿಯಾಗೇ ಕಾಣುತ್ತಿತ್ತು.

ಆ ರಾತ್ರಿ ಪಿಡಿಎಫ್‌ನ ಹೊಟ್ಟೆ ಬಗೆದು ನೋಡಿದೆ. `qpdf --qdf` ಕೊಟ್ಟರೆ ಒಳಗಿನದೆಲ್ಲ ಓದಲು ಬರುವ ಹಾಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ಪುಸ್ತಕದಂಥ ಪಿಡಿಎಫ್‌ನ ಪುಟದಲ್ಲಿ ಅಕ್ಷರಗಳೇ ಇರುವುದಿಲ್ಲ, ಫಾಂಟಿನ ಒಳಗಿನ ಚಿತ್ರಗಳ ನಂಬರುಗಳಿರುತ್ತವೆ. 31ನೇ ಚಿತ್ರ ಬರೆ, 54ನೇ ಚಿತ್ರ ಬರೆ, ಅಷ್ಟೇ. ತೆರೆಗೆ, ಪ್ರೆಸ್ಸಿಗೆ ಅಷ್ಟು ಸಾಕು. ಕಾಪಿ ಮಾಡುವಾಗ ಮಾತ್ರ, ಈ ನಂಬರಿನ ಚಿತ್ರ ಯಾವ ಅಕ್ಷರ ಎಂದು ಹೇಳುವವರು ಬೇಕು. ಆ ಕೆಲಸ ಟುಯೂನಿಕೋಡ್ ಪಟ್ಟಿಯದು. ನಮ್ಮ ಪಟ್ಟಿಯಲ್ಲಿ ಬೇಕಾದಷ್ಟು ಸಾಲು ಹೀಗಿದ್ದವು:

```
5 beginbfchar
<0031> <0C950CBE>
<004A> <0CA6>
<0054> <0CAF>
<0066> <0CB60CBF>
<0083> <0CB00CCD>
endbfchar
```

ಎಡಗಡೆ ಚಿತ್ರದ ನಂಬರು, ಬಲಗಡೆ ಯೂನಿಕೋಡ್. ಮೇಲಿನಿಂದ ಕೆಳಗೆ: ಕಾ, ದ, ಯ, ಶಿ, ಕೊನೆಗೆ ಅರ್ಕಾವತ್ತು. ಒಂದು ಚಿತ್ರಕ್ಕೆ ಬಲಗಡೆ ಎರಡು ಮೂರು ಅಕ್ಷರ ಕೊಡಬಹುದು. ಒಂದೊಂದು ಸಾಲೂ ಸರಿಯಾಗಿಯೇ ಇದೆ, ಬೆರಳು ತೋರಿಸಿ ಇದು ತಪ್ಪು ಅನ್ನುವ ಹಾಗಿಲ್ಲ. ಪುಟದಲ್ಲಿ ‘ಕಾರ್ಯದರ್ಶಿ’ ಇದ್ದದ್ದು ಹೀಗೆ:

```
<003100540083004A00660083> Tj
```

ಪಟ್ಟಿ ಹಿಡಿದು ಓದಿಕೊಂಡು ಹೋಗಿ: ಕಾ, ಯ, ರ್, ದ, ಶಿ, ರ್. ಕೈಯಲ್ಲಿ ಬರೆಯುವಾಗ ನಾವು ಯ ಬರೆದು ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೇವಲ್ಲ, ಫಾಂಟೂ ಅದನ್ನೇ ಮಾಡುತ್ತದೆ. ಯೂನಿಕೋಡಿನಲ್ಲಿ ಮಾತ್ರ ಕ್ರಮ ಉಚ್ಚಾರಣೆಯದು, ರ್ ಮೊದಲು, ಯ ಆಮೇಲೆ. ಪಟ್ಟಿ ಒಂದೊಂದು ಚಿತ್ರಕ್ಕೆ ಅರ್ಥ ಹೇಳಬಲ್ಲದು, ‘ಇದನ್ನು ಹಿಂದಕ್ಕೆ ಸರಿಸು’ ಎಂದು ಹೇಳಲು ಅದರಲ್ಲಿ ದಾರಿಯೇ ಇಲ್ಲ. ಹೀಗೆ ಹೊರಬಿದ್ದ ರ್ ಮುಂದಿನ ದ ಜೊತೆ ಕೂಡಿಕೊಂಡು ‘ಕಾಯರ್ದಶಿರ್’ ಹುಟ್ಟಿತು.

ಒತ್ತಕ್ಷರದ ಗೋಳೂ ಇದೇ. ‘ಆಸ್ತಿ’ಯಲ್ಲಿ ಗುಣಿತದ ಗುಡಿಸು ಮೇಲಿನ ಸ ಜೊತೆ ಬೆಸೆದು ‘ಸಿ’ ಒಂದೇ ಚಿತ್ರ, ಕೆಳಗಿನ ತ-ಒತ್ತು ಇನ್ನೊಂದು. ಸಿ ಮೊದಲು, ಒತ್ತು ಆಮೇಲೆ. ಯೂನಿಕೋಡಿಗೆ ಬೇಕಾದದ್ದು ಸ, ್, ತ, ಕೊನೆಯಲ್ಲಿ ಿ. ಈಗ ನನ್ನ ಪರೀಕ್ಷೆಯ ಬುದ್ಧಿವಂತಿಕೆ ನೋಡಿ. ‘ಕನ್ನಡ’ದ ‘ನ್ನ’ದಲ್ಲಿ ಸ್ವರಚಿಹ್ನೆಯೇ ಇಲ್ಲ, ನ ಆದಮೇಲೆ ನ-ಒತ್ತು, ಎರಡೂ ಕ್ರಮ ಒಂದೇ. ‘ಸದಸ್ಯತ್ವ’ವೂ ಹಾಗೆಯೇ, ‘ಅಧ್ಯಕ್ಷ’ರೂ ಹಾಗೆಯೇ. ಒತ್ತಿನ ಮೇಲೆ ಗುಣಿತ ಕೂತಾಗ ಅಥವಾ ಅರ್ಕಾವತ್ತು ಬಂದಾಗ ಮಾತ್ರ ಕೆಡುತ್ತದೆ. ನಾನು ಆರಿಸಿಕೊಂಡ ಎರಡು ಪದವೂ ಎಂದಿಗೂ ಕೆಡದ ಪದಗಳೇ. `uni yes` ಎಂದರೆ ಪಟ್ಟಿ ಇದೆ ಎಂದಷ್ಟೇ, ಪಟ್ಟಿಯಿಂದ ಕನ್ನಡ ಬರುತ್ತದೆ ಎಂದಲ್ಲ.

ಒತ್ತಿನ ಸಮಸ್ಯೆ ಒಂದೇ ಸಾಲಿನಲ್ಲಿ ಬಗೆಹರಿಯಿತು. ಸರಿಯಾದ ಕನ್ನಡದಲ್ಲಿ ಸ್ವರಚಿಹ್ನೆಯ ಬೆನ್ನಿಗೇ ್ ಎಂದೂ ಬರುವುದಿಲ್ಲ. ಬಂದಿದೆ ಎಂದರೆ ಕ್ರಮ ತಿರುವುಮುರುವಾಗಿದೆ ಎಂದೇ ಅರ್ಥ.

```python
s = re.sub(r'([\u0CBE-\u0CCC]+)((?:\u0CCD[\u0C95-\u0CB9])+)', r'\2\1', s)
s = unicodedata.normalize('NFC', s)
```

ಎರಡನೆಯ ಸಾಲು ದೀರ್ಘಕ್ಕೆ. ಈ ಫಾಂಟಿನಲ್ಲಿ ದೀರ್ಘದ ಚಿಹ್ನೆ ಬೇರೆಯೇ ಚಿತ್ರ, ಅದಕ್ಕೆ ಬೇರೆ ಕೋಡ್. ‘ಸ್ತ್ರೀ’ ಹೊರಗೆ ಬರುವಾಗ ಸಿ, ್ತ, ್ರ, ೕ ಎಂದು ನಾಲ್ಕು ತುಂಡು. ಮೊದಲು ಗುಡಿಸನ್ನು ಒತ್ತುಗಳ ಆಚೆ ಸರಿಸಿದರೆ ಅದು ೕ ಪಕ್ಕಕ್ಕೆ ಬರುತ್ತದೆ, ಆಗ NFC ಎರಡನ್ನೂ ಬೆಸೆದು ೀ ಮಾಡುತ್ತದೆ. ನಾನು ಮೊದಲು ಎರಡೂ ಸಾಲನ್ನು ಉಲ್ಟಾ ಬರೆದಿದ್ದೆ. ನಡುವೆ ಒತ್ತುಗಳು ಕೂತಿದ್ದರಿಂದ ಬೆಸುಗೆ ಆಗಲೇ ಇಲ್ಲ. ಅದಕ್ಕೆ ಇನ್ನೊಂದು ಗಂಟೆ ಹೋಯಿತು.

ಅರ್ಕಾವತ್ತು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. ಪ್ರತಿ ರ್ ಅನ್ನೂ ಅದರ ಹಿಂದಿನ ಅಕ್ಷರದ ಮುಂದಕ್ಕೆ ಎಳೆದರೆ ಆಯಿತಲ್ಲ ಎಂದು ಬರೆದೆ. ‘ಕಾರ್ಯದರ್ಶಿ’ ಬಂದರು, ‘ನಿರ್ದೇಶಕ’ರು ಬಂದರು. ಖುಷಿಯಿಂದ ಕೆಳಗಿಳಿಸಿ ನೋಡಿದರೆ ‘ಡಾಕ್ಟರ್’ ಇದ್ದಲ್ಲಿ ‘ಡಾರ್ಕ್ಟ’, ‘ಮ್ಯಾನೇಜರ್’ ಇದ್ದಲ್ಲಿ ‘ಮ್ಯಾನೇರ್ಜ’. ಎರಡನೆಯದನ್ನು ತಿದ್ದದೆ ಹಾಗೇ ಬಿಡೋಣ ಅನ್ನಿಸಿತ್ತು, ಬಿಡಿ. ಪದದ ಕೊನೆಯ ‘ರ್’ ಫಾಂಟಿನಲ್ಲಿ ಬೇರೆಯೇ ಚಿತ್ರ, ಅರ್ಕಾವತ್ತು ಬೇರೆ ಚಿತ್ರ. ಪಟ್ಟಿ ಮಾತ್ರ ಎರಡಕ್ಕೂ ಒಂದೇ `<0CB00CCD>` ಕೊಟ್ಟಿತ್ತು. ಪಠ್ಯ ಹೊರಗೆ ಬಂದ ಮೇಲೆ ಇವೆರಡನ್ನು ಬೇರೆ ಮಾಡಲು ನಿಘಂಟು ಬೇಕು, ಇಲ್ಲವೇ ಮೇಷ್ಟ್ರು ಬೇಕು. ತಮಾಷೆ ಅಂದರೆ ಹಳೆಯ ನುಡಿಯಲ್ಲಿ ಈ ಗೊಂದಲವೇ ಇರಲಿಲ್ಲ, ಅಲ್ಲಿ `ð` ಕಂಡರೆ ಅದು ಅರ್ಕಾವತ್ತೇ.

ಹಾಗಾದರೆ ಹೊಸದನ್ನೂ ನುಡಿಯ ಹಾಗೆ ಮಾಡಿದರೆ? ಬಿಚ್ಚಿದ ಪಿಡಿಎಫ್‌ನಲ್ಲಿ ಪಟ್ಟಿಯನ್ನೇ ತಿದ್ದಿದೆ. 0083ರ ಎದುರಿಗಿದ್ದ `<0CB00CCD>` ತೆಗೆದು, ಯಾವ ಭಾಷೆಗೂ ಸೇರದ ಖಾಸಗಿ ಕೋಡ್ `<E000>` ಹಾಕಿದೆ. ಉದ್ದ ಬದಲಾದದ್ದನ್ನು `fix-qdf` ಸರಿಮಾಡಿಕೊಟ್ಟಿತು. ಆಮೇಲೆ `pdftotext` ಓಡಿಸಿ ಪಠ್ಯ ಎತ್ತಿದೆ. ಈಗ ಅರ್ಕಾವತ್ತುಗಳೆಲ್ಲ ಗುರುತು ಹಾಕಿಸಿಕೊಂಡು ಬಂದವು, ಪದದ ಕೊನೆಯ ರ್ ತನ್ನ ಪಾಡಿಗೆ ತಾನಿತ್ತು. ಗುರುತಿದ್ದದ್ದನ್ನು ಮಾತ್ರ ಹಿಂದಿನ ಅಕ್ಷರದ ಮುಂದಕ್ಕೆ ಎಳೆದು ರ್ ಮಾಡಿದೆ. ಪುಸ್ತಕದ ಇನ್ನೊಂದು ಫಾಂಟಿನಲ್ಲಿ ಅರ್ಕಾವತ್ತಿನ ನಂಬರು ಬೇರೆ, ಅಲ್ಲೂ ಹುಡುಕಿ ಹಾಕಬೇಕಾಯಿತು. ಮುಂದಿನ ಪಿಡಿಎಫ್‌ಗೆ ಇದೇ ನಂಬರು ಬರುತ್ತದೆ ಎಂದು ನಂಬುವಂತಿಲ್ಲ, ಪ್ರತಿ ಸಲವೂ ಪಟ್ಟಿ ತೆರೆದು ನೋಡಬೇಕು.

ಇದೆಲ್ಲ ಹಿತ್ತಲ ಮದ್ದು. ಮೂಲದಲ್ಲೇ ಸರಿಮಾಡಬೇಕಾದರೆ ಪಿಡಿಎಫ್ ಮಾಡುವ ತಂತ್ರಾಂಶ ಕೆಟ್ಟ ಅಕ್ಷರದ ಸುತ್ತ `ActualText` ಬರೆಯಬೇಕು:

```
/Span <</ActualText <FEFF0CB00CCD0CAF>>> BDC
<00540083> Tj
EMC
```

ಈ ಎರಡು ಚಿತ್ರ ಸೇರಿ ‘ರ್ಯ’ ಎಂದು ನೇರವಾಗಿ ಹೇಳುವುದು ಇದು. ಪಟ್ಟಿಯ ಮಾತಿಗಿಂತ ಇದರ ಮಾತೇ ಮೇಲು. `pdftotext` ಇದನ್ನು ಪಾಲಿಸುತ್ತದೆ, ಎಲ್ಲ ಪಿಡಿಎಫ್ ವೀಕ್ಷಕಗಳೂ ಪಾಲಿಸುವುದಿಲ್ಲ. ಡಿಸೈನರಿಗೆ ಫೋನ್ ಮಾಡಿ ಕೇಳಿದೆ. "ಪ್ರಿಂಟ್ ಚೆನ್ನಾಗಿ ಬಂದಿದೆಯಲ್ಲ ಸರ್?" ಅಂದರು. ಬಂದಿತ್ತು, ನಿಜ.

ಎರಡನೆಯ ಸಲ ತೋರಿಸಲು ಹೋದಾಗ ಕಾರ್ಯದರ್ಶಿಗಳು ಲ್ಯಾಪ್‌ಟಾಪನ್ನು ತಮ್ಮ ಕಡೆಗೇ ತಿರುಗಿಸಿಕೊಂಡು ಟೈಪ್ ಮಾಡಿದರು. ಅಧ್ಯಕ್ಷರಿಗಿಂತ ಹನ್ನೊಂದು ಪುಟ ಹೆಚ್ಚು ಬಂತು. ಆ ಮಧ್ಯಾಹ್ನವೇ ಚೆಕ್ಕಿಗೆ ಸಹಿ ಬಿತ್ತು. ನಮ್ಮ ಆಫೀಸಿನಲ್ಲಿ ಈ ಘಟನೆಯ ಫಲವಾಗಿ ಒಂದು ಚೆಕ್‌ಲಿಸ್ಟ್ ಬಂದಿದೆ. ‘ಪಿಡಿಎಫ್ ಹುಡುಕಾಟ ಪರೀಕ್ಷೆ’ ಎಂಬ ಕಾಲಂ ಇದೆ, ಎದುರಿಗೆ ಮ್ಯಾನೇಜರ್ ತಾವೇ ಉದಾಹರಣೆ ಪದ ಬರೆದಿದ್ದಾರೆ: ಕನ್ನಡ. ಬದಲಾಯಿಸಿ ಎಂದು ಮೂರು ಸಲ ಹೇಳಿದ್ದೇನೆ.